ಹೊಸ ಸರಕಿಗೆ ಯೋಜನೆಯಲ್ಲಿ ಜಾಗವಿದೆಯೇ?

ಕೈಯಲ್ಲಿರುವ ಕಚ್ಚಾವಸ್ತು ಮತ್ತು ಕೆಲಸಗಾರರ ಸಮಯದಿಂದ ಅತಿ ಹೆಚ್ಚು ಹಣ ಉಳಿಯುವಂತೆ ಉತ್ಪಾದನೆಯನ್ನು ಹೊಂದಿಸಿಕೊಂಡಿರುವ ಕಾರ್ಖಾನೆಗೆ ಹೊಸ ಸರಕೊಂದರ ಬೇಡಿಕೆ ಬಂದಾಗ, ಅದನ್ನು ಒಪ್ಪಬೇಕೋ ಬಿಡಬೇಕೋ ಎಂಬುದು ಆ ಸರಕಿನ ಲಾಭವೊಂದನ್ನೇ ನೋಡಿ ತೀರ್ಮಾನಿಸುವ ವಿಷಯವಲ್ಲ. ಮರವೂ ಸಮಯವೂ ಆಗಲೇ ಪೂರ್ತಿ ಹಂಚಿಕೆಯಾಗಿರುತ್ತವೆ. ಹೊಸದೊಂದನ್ನು ಮಾಡಬೇಕಾದರೆ ಹಳೆಯದರಲ್ಲಿ ಸ್ವಲ್ಪವನ್ನು ಬಿಡಲೇಬೇಕು. ಬಿಟ್ಟದ್ದರಿಂದ ಕೈತಪ್ಪುವ ಹಣ ಎಷ್ಟು, ಹೊಸದರಿಂದ ಬರುವ ಹಣ ಎಷ್ಟು ಎಂಬ ಹೋಲಿಕೆಯೇ ಇಲ್ಲಿ ನಿಜವಾದ ಲೆಕ್ಕ. ಇಡೀ ಯೋಜನೆಯನ್ನು ಮೊದಲಿಂದ ಬಿಡಿಸದೆ ಒಂದೇ ಸಾಲಿನಲ್ಲಿ ಈ ಹೋಲಿಕೆ ಮಾಡಲು ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಗಣಿತವಿಭಾಗದಲ್ಲಿ ಒಂದು ದಾರಿಯಿದೆ. ಅದಕ್ಕೆ ಬೇಕಾಗುವುದು ಡ್ಯುಯಲ್ ಮೌಲ್ಯಗಳು. ಅರ್ಥಶಾಸ್ತ್ರದವರು ಇವನ್ನೇ ನೆರಳು ಬೆಲೆ ಎನ್ನುತ್ತಾರೆ.

ಲೆಕ್ಕ ಕಣ್ಣಿಗೆ ಕಾಣುವಂತಾಗಲು ಮರದ ಪೀಠೋಪಕರಣ ಮಾಡುವ ಒಂದು ಸಣ್ಣ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ ತಯಾರಾಗುವುದು ಮೇಜು ಮತ್ತು ಕುರ್ಚಿ ಮಾತ್ರ. ಒಂದು ಮೇಜಿಗೆ 3 ಘನ ಅಡಿ ಮರ, 8 ಗಂಟೆ ಬಡಗಿ ಕೆಲಸ, 4 ಗಂಟೆ ಪಾಲಿಶ್ ಬೇಕು. ಒಂದು ಕುರ್ಚಿಗೆ 1 ಘನ ಅಡಿ ಮರ, 6 ಗಂಟೆ ಬಡಗಿ ಕೆಲಸ, 2 ಗಂಟೆ ಪಾಲಿಶ್. ವಾರಕ್ಕೆ ಸಿಗುವ ಮರ 90 ಘನ ಅಡಿ, ಬಡಗಿಗಳ ಸಮಯ 340 ಗಂಟೆ, ಪಾಲಿಶ್ ಮಾಡುವವರ ಸಮಯ 166 ಗಂಟೆ. ಮಾರಾಟದ ಬೆಲೆಯಲ್ಲಿ ಮರ, ಮೊಳೆ, ಅಂಟು, ಪಾಲಿಶ್ ಸಾಮಗ್ರಿಯ ಖರ್ಚು ಕಳೆದರೆ ಮೇಜೊಂದಕ್ಕೆ 2,600 ರೂಪಾಯಿ, ಕುರ್ಚಿಯೊಂದಕ್ಕೆ 1,200 ರೂಪಾಯಿ ಉಳಿಯುತ್ತದೆ. ಕೆಲಸಗಾರರಿಗೆ ತಿಂಗಳ ಸಂಬಳ. ಏನು ಮಾಡಿದರೂ, ಎಷ್ಟು ಮಾಡಿದರೂ ಅದು ಬದಲಾಗದ ಕಾರಣ ಈ ಉಳಿಕೆಯಲ್ಲಿ ಕೂಲಿಯನ್ನು ಕಳೆದಿಲ್ಲ.

ಈ ಮಿತಿಗಳೊಳಗೆ ಅತಿ ಹೆಚ್ಚು ಉಳಿಸುವ ಯೋಜನೆ ವಾರಕ್ಕೆ 20 ಮೇಜು ಮತ್ತು 30 ಕುರ್ಚಿ. ಇದರಲ್ಲಿ 90 ಘನ ಅಡಿ ಮರವೂ 340 ಗಂಟೆ ಬಡಗಿ ಸಮಯವೂ ಒಂದಿಷ್ಟೂ ಮಿಗದಂತೆ ಮುಗಿಯುತ್ತವೆ. ಪಾಲಿಶ್‌ಗೆ ಹೋಗುವುದು 140 ಗಂಟೆ ಮಾತ್ರ, 26 ಗಂಟೆ ಖಾಲಿ ಉಳಿಯುತ್ತದೆ. ಒಟ್ಟು ಉಳಿಕೆ 88,000 ರೂಪಾಯಿ.

ಈಗ ಇನ್ನೊಂದು ಘನ ಅಡಿ ಮರ ಸಿಕ್ಕಿತು ಎಂದರೆ ಏನಾಗುತ್ತದೆ? 91 ಘನ ಅಡಿ ಮರ ಮತ್ತು ಅದೇ 340 ಗಂಟೆಯನ್ನು ಪೂರ್ತಿ ಬಳಸಬೇಕಾದರೆ ಮೇಜುಗಳು 20.6ಕ್ಕೆ ಏರುತ್ತವೆ, ಕುರ್ಚಿಗಳು 29.2ಕ್ಕೆ ಇಳಿಯುತ್ತವೆ. ಹೆಚ್ಚುವರಿ 0.6 ಮೇಜಿನಿಂದ ಬರುವುದು 1,560 ರೂಪಾಯಿ, ಬಿಟ್ಟ 0.8 ಕುರ್ಚಿಯಿಂದ ಹೋಗುವುದು 960 ರೂಪಾಯಿ. ನಿವ್ವಳ 600 ರೂಪಾಯಿ ಸೇರುತ್ತದೆ. ಆದ್ದರಿಂದ ಈ ಯೋಜನೆಯಲ್ಲಿ ಒಂದು ಘನ ಅಡಿ ಮರದ ನೆರಳು ಬೆಲೆ 600 ರೂಪಾಯಿ. ಇದೇ ರೀತಿ ಒಂದು ಗಂಟೆ ಬಡಗಿ ಸಮಯ ಹೆಚ್ಚಾದರೆ ಒಟ್ಟು ಉಳಿಕೆ 100 ರೂಪಾಯಿ ಹೆಚ್ಚುತ್ತದೆ. ಪಾಲಿಶ್ ಸಮಯ ಆಗಲೇ ಮಿಕ್ಕಿರುವುದರಿಂದ ಇನ್ನೊಂದು ಗಂಟೆ ಸಿಕ್ಕರೂ ಪ್ರಯೋಜನವಿಲ್ಲ, ಅದರ ನೆರಳು ಬೆಲೆ ಸೊನ್ನೆ. ಇಡೀ ಸಂಗ್ರಹವನ್ನು ಈ ಬೆಲೆಗಳಲ್ಲಿ ಕೂಡಿ ನೋಡಿದರೆ 90 ಘನ ಅಡಿಗೆ 54,000, 340 ಗಂಟೆಗೆ 34,000, ಒಟ್ಟು ಅದೇ 88,000 ರೂಪಾಯಿ ಬರುತ್ತದೆ. ಇದು ಕಾಕತಾಳೀಯವಲ್ಲ. ಅತ್ಯುತ್ತಮ ಯೋಜನೆಯಲ್ಲಿ ಸರಕುಗಳ ಕಡೆಯಿಂದ ಎಣಿಸಿದ ಮೊತ್ತವೂ ಸಂಪನ್ಮೂಲಗಳ ಕಡೆಯಿಂದ ಎಣಿಸಿದ ಮೊತ್ತವೂ ಯಾವಾಗಲೂ ಸಮವಾಗಿರುತ್ತವೆ.

ನೆರಳು ಬೆಲೆಯನ್ನು ಮಾರುಕಟ್ಟೆಯ ಬೆಲೆಯೊಂದಿಗೆ ಬೆರೆಸಬಾರದು. ಮರಕ್ಕೆ ಕೊಟ್ಟ ದುಡ್ಡನ್ನು ಉಳಿಕೆಯಲ್ಲಿ ಆಗಲೇ ಕಳೆದಿರುವುದರಿಂದ, 600 ರೂಪಾಯಿ ಎಂಬುದು ಖರೀದಿ ಬೆಲೆಯ ಮೇಲೆ ಮರಕ್ಕಿರುವ ಹೆಚ್ಚುವರಿ ಬೆಲೆ. ಬಡಗಿ ಸಮಯದ ವಿಷಯ ಹಾಗಲ್ಲ. ಕೂಲಿಯನ್ನು ಕಳೆದಿಲ್ಲವಾದ್ದರಿಂದ 100 ರೂಪಾಯಿಯೇ ಆ ಗಂಟೆಯ ಪೂರ್ತಿ ಬೆಲೆ. ಅದೇ ಮರ, ಅದೇ ಬಡಗಿ ಬೇರೊಂದು ಕಾರ್ಖಾನೆಯಲ್ಲಿದ್ದರೆ ನೆರಳು ಬೆಲೆಯೂ ಬೇರೆಯೇ ಇರುತ್ತದೆ, ಏಕೆಂದರೆ ಅದು ಹುಟ್ಟುವುದು ಆಯಾ ಯೋಜನೆಯೊಳಗೆ.

ಈ ಕಾರ್ಖಾನೆಗೆ ಪುಸ್ತಕದ ಕಪಾಟು ಮಾಡಿಕೊಡಿ ಎಂಬ ಬೇಡಿಕೆ ಬರುತ್ತದೆ. ಒಂದು ಕಪಾಟಿಗೆ 2 ಘನ ಅಡಿ ಮರ, 9 ಗಂಟೆ ಬಡಗಿ ಕೆಲಸ, 6 ಗಂಟೆ ಪಾಲಿಶ್ ಬೇಕು. ಕೊಳ್ಳುವವರು ಹೇಳುವ ಬೆಲೆಯಲ್ಲಿ ಸಾಮಗ್ರಿಯ ಖರ್ಚು ಕಳೆದರೆ 2,000 ರೂಪಾಯಿ ಉಳಿಯುತ್ತದೆ. ಸಾಮಾನ್ಯ ಅಂದಾಜಿನಲ್ಲಿ ಇದು ಗೊಂದಲದ ಸರಕು. ಒಂದು ಘನ ಅಡಿ ಮರಕ್ಕೆ ಎಷ್ಟು ಉಳಿಯುತ್ತದೆ ಎಂದು ನೋಡಿದರೆ ಮೇಜಿನಿಂದ ಸುಮಾರು 867, ಕಪಾಟಿನಿಂದ 1,000, ಕುರ್ಚಿಯಿಂದ 1,200. ಒಂದು ಗಂಟೆ ಬಡಗಿ ಸಮಯಕ್ಕೆ ನೋಡಿದರೆ ಕುರ್ಚಿಯಿಂದ 200, ಕಪಾಟಿನಿಂದ ಸುಮಾರು 222, ಮೇಜಿನಿಂದ 325. ಎರಡು ಅಳತೆಯಲ್ಲೂ ಕಪಾಟು ನಡುವೆ ನಿಲ್ಲುತ್ತದೆ. ಮರದ ಲೆಕ್ಕದಲ್ಲಿ ಮೇಜಿಗಿಂತ ಮೇಲು, ಸಮಯದ ಲೆಕ್ಕದಲ್ಲಿ ಕುರ್ಚಿಗಿಂತ ಮೇಲು ಎಂದು ಯಾರಾದರೂ ಅದರ ಪರ ವಾದಿಸಬಹುದು, ಅಷ್ಟೇ ಸುಲಭವಾಗಿ ವಿರುದ್ಧವೂ ವಾದಿಸಬಹುದು. ಒಂದೊಂದೇ ಸಂಪನ್ಮೂಲವನ್ನು ಬೇರೆಬೇರೆಯಾಗಿ ಅಳೆಯುವ ತನಕ ಈ ವಾದ ಮುಗಿಯುವುದಿಲ್ಲ. ನೆರಳು ಬೆಲೆ ಎಲ್ಲವನ್ನೂ ಒಂದೇ ನಾಣ್ಯಕ್ಕೆ ತರುತ್ತದೆ:

2 × 600 + 9 × 100 + 6 × 0 = 2,100

ಒಂದು ಕಪಾಟು ನುಂಗುವ ಸಂಪನ್ಮೂಲಗಳು ಈಗಿನ ಯೋಜನೆಯಲ್ಲಿ 2,100 ರೂಪಾಯಿ ದುಡಿಯುತ್ತಿವೆ. ಕಪಾಟು ತರುವುದು 2,000. ಮಾಡುವ ಪ್ರತಿಯೊಂದು ಕಪಾಟಿನಿಂದಲೂ 100 ರೂಪಾಯಿ ಕಡಿಮೆಯಾಗುತ್ತದೆ, ಆದ್ದರಿಂದ ಈ ಬೆಲೆಗೆ ಅದಕ್ಕೆ ಯೋಜನೆಯಲ್ಲಿ ಜಾಗವಿಲ್ಲ. ಉಳಿಕೆಯಿಂದ ಈ ಆಂತರಿಕ ವೆಚ್ಚವನ್ನು ಕಳೆದಾಗ ಸಿಗುವ ಸಂಖ್ಯೆಗೆ ರೆಡ್ಯೂಸ್ಡ್ ಕಾಸ್ಟ್ ಎಂದು ಹೆಸರು. ಇಲ್ಲಿ ಅದು ಋಣ 100. ಲಾಭ ಹೆಚ್ಚಿಸುವ ಲೆಕ್ಕದಲ್ಲಿ ಅದು ಧನವಾದರೆ ಸರಕು ಒಳಗೆ ಬರುತ್ತದೆ, ಋಣವಾದರೆ ಹೊರಗೇ ಉಳಿಯುತ್ತದೆ, ಸೊನ್ನೆಯಾದರೆ ಮಾಡಿದರೂ ಬಿಟ್ಟರೂ ಒಟ್ಟು ಮೊತ್ತ ಒಂದೇ.

ಬೆಲೆ ಕಟ್ಟುವ ಈ ಕ್ರಮ ನಿಜಕ್ಕೂ ಏನನ್ನು ಅಳೆಯುತ್ತಿದೆ ಎಂಬುದನ್ನು ಹಳೆಯ ಸರಕುಗಳ ಕಡೆಯಿಂದಲೂ ನೋಡಬಹುದು. ಒಂದು ಕಪಾಟಿಗೆ ಬೇಕಾದ 2 ಘನ ಅಡಿ ಮರ ಮತ್ತು 9 ಗಂಟೆಯನ್ನು ಮೇಜು ಕುರ್ಚಿಗಳಿಂದ ಬಿಡಿಸಿಕೊಳ್ಳಬೇಕಾದರೆ 0.3 ಮೇಜನ್ನೂ 1.1 ಕುರ್ಚಿಯನ್ನೂ ಬಿಡಬೇಕಾಗುತ್ತದೆ. ಮರದ ಲೆಕ್ಕ 0.9 ಮತ್ತು 1.1 ಸೇರಿ 2, ಬಡಗಿ ಸಮಯದ ಲೆಕ್ಕ 2.4 ಮತ್ತು 6.6 ಸೇರಿ 9. ಬಿಟ್ಟ ಮೇಜಿನಿಂದ ಹೋಗುವುದು 780 ರೂಪಾಯಿ, ಬಿಟ್ಟ ಕುರ್ಚಿಯಿಂದ ಹೋಗುವುದು 1,320 ರೂಪಾಯಿ, ಒಟ್ಟು ಅದೇ 2,100. ಎರಡು ದಾರಿಯೂ ಒಂದೇ ಊರಿಗೆ ತಲುಪುತ್ತವೆ. ಆದರೆ ಈ ಎರಡನೆಯ ದಾರಿಯಲ್ಲಿ ಪ್ರತಿ ಹೊಸ ಸರಕಿಗೂ ಸಮೀಕರಣಗಳನ್ನು ಬಿಡಿಸಬೇಕು, ಮೊದಲನೆಯದರಲ್ಲಿ ಗುಣಿಸಿ ಕೂಡಿದರೆ ಸಾಕು. ನೂರು ವಿನ್ಯಾಸಗಳು ಎದುರಿಗಿದ್ದಾಗ ಈ ವ್ಯತ್ಯಾಸ ದೊಡ್ಡದು.

ಬೇಡ ಎಂಬ ಉತ್ತರದ ಜೊತೆಗೆ ಏನು ಬದಲಾದರೆ ಬೇಕಾಗುತ್ತದೆ ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ಈ ಕ್ರಮದ ಅತ್ಯಂತ ಉಪಯುಕ್ತ ಭಾಗ ಬಹುಶಃ ಇದೇ. ಬೆಲೆಯಲ್ಲಿ 100 ರೂಪಾಯಿಗಿಂತ ಹೆಚ್ಚು ಏರಿದರೆ ಕಪಾಟು ಒಳಗೆ ಬರುತ್ತದೆ. ಬೆಲೆ ಏರದಿದ್ದರೆ ವಿನ್ಯಾಸವನ್ನು ತಿದ್ದಬಹುದು. ಕೆತ್ತನೆಯನ್ನು ಕಡಿಮೆ ಮಾಡಿ ಬಡಗಿ ಕೆಲಸವನ್ನು 9 ಗಂಟೆಯಿಂದ 7ಕ್ಕೆ ಇಳಿಸಿದರೆ ಆಂತರಿಕ ವೆಚ್ಚ 1,900ಕ್ಕೆ ಇಳಿದು ಒಂದಕ್ಕೆ 100 ರೂಪಾಯಿ ಲಾಭ ಕಾಣುತ್ತದೆ. ಹಿಂಬದಿಯ ಹಲಗೆಯನ್ನು ತೆಳುಮಾಡಿ ಅರ್ಧ ಘನ ಅಡಿ ಮರ ಉಳಿಸಿದರೆ 300 ರೂಪಾಯಿ ಇಳಿಯುತ್ತದೆ. ಪಾಲಿಶ್ ಸಮಯವನ್ನು ಉಳಿಸಲು ಹೆಣಗಿದರೆ ಮಾತ್ರ ಒಂದು ರೂಪಾಯಿಯೂ ದಕ್ಕುವುದಿಲ್ಲ. ವಿನ್ಯಾಸ ಮಾಡುವವರಿಗೆ ಎಲ್ಲಿ ಕೈಯಿಡಬೇಕು ಎಂಬುದು ಹೀಗೆ ಸಂಖ್ಯೆಯಲ್ಲೇ ಸಿಗುತ್ತದೆ.

ಕೊಳ್ಳುವವರು ಕಪಾಟಿನ ಬೆಲೆಯನ್ನು 360 ರೂಪಾಯಿ ಹೆಚ್ಚಿಸಲು ಒಪ್ಪಿದರು ಎಂದಾದರೆ ಉಳಿಕೆ 2,360 ಆಗುತ್ತದೆ, ಆಂತರಿಕ ವೆಚ್ಚ ಕಳೆದು ಒಂದಕ್ಕೆ 260 ರೂಪಾಯಿ ಮಿಗುತ್ತದೆ. ಕಪಾಟು ಒಳಗೆ ಬರಬೇಕು, ಅದು ನಿಶ್ಚಯ. ಎಷ್ಟು ಕಪಾಟು ಎಂಬುದು ಮುಂದಿನ ಪ್ರಶ್ನೆ, ಮತ್ತು ಅದಕ್ಕೆ 260 ಎಂಬ ಸಂಖ್ಯೆಯಲ್ಲಿ ಉತ್ತರವಿಲ್ಲ. ಒಂದು ಕಪಾಟಿಗೆ 6 ಗಂಟೆ ಪಾಲಿಶ್ ಬೇಕು. ಅದಕ್ಕಾಗಿ ಬಿಟ್ಟ 0.3 ಮೇಜು ಮತ್ತು 1.1 ಕುರ್ಚಿಯಿಂದ 3.4 ಗಂಟೆ ಬಿಡುವಾಗುತ್ತದೆ. ಹಾಗಾಗಿ ಪ್ರತಿ ಕಪಾಟೂ ಖಾಲಿ ಇದ್ದ 26 ಗಂಟೆಯಿಂದ 2.6 ಗಂಟೆಯನ್ನು ತಿನ್ನುತ್ತದೆ. ಹತ್ತು ಕಪಾಟಿಗೆ ಆ ಬಿಡುವು ಮುಗಿಯುತ್ತದೆ. ಕುರ್ಚಿಗಳು ಮುಗಿಯಲು 27 ಕಪಾಟು ದಾಟಬೇಕು, ಮೇಜುಗಳಿಗೆ ಇನ್ನೂ ಹೆಚ್ಚು. ಮೊದಲು ಎದುರಾಗುವ ತಡೆಯೇ ಪಾಲಿಶ್, ಆದ್ದರಿಂದ ಕಪಾಟಿನ ಸಂಖ್ಯೆ 10. ಹೊಸ ಯೋಜನೆ 17 ಮೇಜು, 19 ಕುರ್ಚಿ, 10 ಕಪಾಟು. ಮರ, ಬಡಗಿ ಸಮಯ, ಪಾಲಿಶ್ ಮೂರೂ ಪೂರ್ತಿ ಬಳಕೆಯಾಗಿ ಒಟ್ಟು ಉಳಿಕೆ 90,600 ರೂಪಾಯಿಗೆ ಏರುತ್ತದೆ.

ಈ ಹಂತದಲ್ಲಿ ಹಳೆಯ ನೆರಳು ಬೆಲೆಗಳ ಆಯುಷ್ಯ ಮುಗಿಯಿತು. ಪಾಲಿಶ್ ಸಮಯ ಈಗ ಅಭಾವದ ವಸ್ತು. ಮೇಜು, ಕುರ್ಚಿ, ಕಪಾಟು ಮೂರೂ ತಮ್ಮ ಉಳಿಕೆಗೆ ಸರಿಯಾಗಿ ಬೆಲೆ ಕಟ್ಟಿಸಿಕೊಳ್ಳುವಂತೆ ಹೊಸದಾಗಿ ಬಿಡಿಸಿದರೆ ಮರಕ್ಕೆ 520, ಬಡಗಿ ಗಂಟೆಗೆ 80, ಪಾಲಿಶ್ ಗಂಟೆಗೆ 100 ರೂಪಾಯಿ ಬರುತ್ತದೆ. ನಿನ್ನೆಯ ತನಕ ಸೊನ್ನೆಯಾಗಿದ್ದ ಪಾಲಿಶ್ ಗಂಟೆಯ ಬೆಲೆ ಬಡಗಿ ಗಂಟೆಯನ್ನೇ ಮೀರಿದೆ. ಯಾವ ಬೆಲೆಯೂ ಋಣವಾಗಿಲ್ಲ, ಕೂಡಿದ ಮೊತ್ತ 90,600ಕ್ಕೆ ಸರಿಹೊಂದುತ್ತದೆ. ಹೊಸ ಯೋಜನೆ ಅತ್ಯುತ್ತಮವಾದದ್ದು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಎರಡು ಹೊಸ ಸರಕುಗಳು ಒಟ್ಟಿಗೆ ಬಂದಾಗ ಹೆಚ್ಚಿನ ತಪ್ಪುಗಳು ಆಗುವುದು ಇಲ್ಲಿಯೇ. ಕಪಾಟಿನ ಜೊತೆಗೆ ಟೀಪಾಯಿಯ ಬೇಡಿಕೆಯೂ ಬಂದಿತ್ತು ಎನ್ನೋಣ. ಒಂದಕ್ಕೆ 1 ಘನ ಅಡಿ ಮರ, 4 ಗಂಟೆ ಬಡಗಿ ಕೆಲಸ, 5 ಗಂಟೆ ಪಾಲಿಶ್, ಉಳಿಕೆ 1,150 ರೂಪಾಯಿ. ಹಳೆಯ ಬೆಲೆಗಳಲ್ಲಿ ಅದರ ಆಂತರಿಕ ವೆಚ್ಚ 1,000, ಹಾಗಾಗಿ 150 ರೂಪಾಯಿ ಲಾಭದ ಸರಕು. ಕಪಾಟೂ ಲಾಭ, ಟೀಪಾಯಿಯೂ ಲಾಭ, ಎರಡನ್ನೂ ಒಪ್ಪಿಕೊಳ್ಳೋಣ ಎನ್ನುವುದು ಸಹಜ. ಆದರೆ ಕಪಾಟು ಒಳಗೆ ಬಂದ ಮೇಲಿನ ಬೆಲೆಗಳಲ್ಲಿ ಟೀಪಾಯಿಯ ವೆಚ್ಚ 520, 320 ಮತ್ತು 500 ಸೇರಿ 1,340 ಆಗುತ್ತದೆ. ಈಗ ಒಂದು ಟೀಪಾಯಿ ಮಾಡಿದರೆ 190 ರೂಪಾಯಿ ನಷ್ಟ. ಎರಡೂ ಸರಕುಗಳು ಕಣ್ಣಿಟ್ಟಿದ್ದು ಅದೇ ಖಾಲಿ ಪಾಲಿಶ್ ಸಮಯದ ಮೇಲೆ, ಅದು ಒಬ್ಬರಿಗಷ್ಟೇ ಸಾಕಾಗುವಷ್ಟಿತ್ತು. ಇದರ ತಿರುವುಮುರುವೂ ನಡೆಯಬಹುದು. ಮರದ ಬೆಲೆ 600ರಿಂದ 520ಕ್ಕೆ ಇಳಿದಿರುವುದರಿಂದ, ಹಿಂದೆ ಮರ ಹೆಚ್ಚು ಬೇಕೆಂದು ತಳ್ಳಿಹಾಕಿದ್ದ ವಿನ್ಯಾಸವೊಂದು ಈಗ ಲಾಭದ್ದಾಗಬಹುದು. ಒಂದು ಸರಕು ಯೋಜನೆಗೆ ಸೇರಿದ ಕೂಡಲೇ ಉಳಿದ ಎಲ್ಲ ಪ್ರಸ್ತಾಪಗಳಿಗೂ ಹೊಸ ಬೆಲೆಯಲ್ಲಿ ಮತ್ತೆ ಲೆಕ್ಕ ಹಾಕಬೇಕು.

ಅಮೆರಿಕದ ಜಾರ್ಜ್ ಡಾಂಟ್ಸಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಮಾಡುವುದೂ ಇದನ್ನೇ. ಯೋಜನೆಯ ಹೊರಗಿರುವ ಸರಕುಗಳಿಗೆ ಬೆಲೆ ಕಟ್ಟುವುದು, ಲಾಭ ಕಂಡ ಒಂದನ್ನು ಮೊದಲ ತಡೆ ಎದುರಾಗುವವರೆಗೆ ಒಳಗೆ ತರುವುದು, ಬೆಲೆಗಳನ್ನು ತಿದ್ದುವುದು, ಲಾಭದ ಸರಕು ಹೊರಗೆ ಒಂದೂ ಉಳಿಯದ ತನಕ ಹೀಗೇ ಮುಂದುವರಿಯುವುದು. ಅದಕ್ಕೂ ಮೊದಲು, 1939ರಲ್ಲಿ, ಲೆನಿನ್‌ಗ್ರಾಡಿನ ಲಿಯೊನಿದ್ ಕಾಂತೊರೊವಿಚ್ ಪ್ಲೈವುಡ್ ಉದ್ಯಮದ ಯಂತ್ರಗಳಿಗೆ ಮರವನ್ನು ಹಂಚುವ ಪ್ರಶ್ನೆಯಿಂದ ಹೊರಟು ಇಂಥದೇ ಗುಣಕಗಳನ್ನು ಕಂಡುಕೊಂಡಿದ್ದರು. 1975ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೂ ತ್ಯಾಲಿಂಗ್ ಕೂಪ್‌ಮನ್ಸ್ ಅವರಿಗೂ ಸಂದಿತು.

ಲೆಕ್ಕ ಸರಿಯಿದ್ದೂ ತೀರ್ಮಾನ ತಪ್ಪಾಗುವುದಕ್ಕೆ ಒಂದು ಸಾಮಾನ್ಯ ಕಾರಣ ಉಳಿಕೆಯನ್ನು ಎರಡು ಬಗೆಯಲ್ಲಿ ಎಣಿಸುವುದು. ಮೇಜು ಕುರ್ಚಿಗಳ ಉಳಿಕೆಯಲ್ಲಿ ಕೂಲಿಯನ್ನು ಕಳೆದಿಲ್ಲ. ಹೊಸ ಕಪಾಟಿನ ಕಾಗದವನ್ನು ಸಿದ್ಧಪಡಿಸುವವರು ಅಭ್ಯಾಸಬಲದಿಂದ ಗಂಟೆಗೆ 80 ರೂಪಾಯಿಯಂತೆ 9 ಗಂಟೆಯ ಕೂಲಿ 720 ರೂಪಾಯಿಯನ್ನು ಕಳೆದುಬಿಟ್ಟರೆ 2,360 ಇದ್ದದ್ದು 1,640 ಆಗುತ್ತದೆ. ಅದನ್ನು 2,100ಕ್ಕೆ ಹೋಲಿಸಿದರೆ ಕಪಾಟು ಭಾರೀ ನಷ್ಟದ ಸರಕಾಗಿ ಕಾಣುತ್ತದೆ. ನಿಜದಲ್ಲಿ ಬಡಗಿಯ ಸಮಯಕ್ಕೆ ಎರಡು ಸಲ ಬೆಲೆ ಕಟ್ಟಿದಂತಾಗಿದೆ, ಒಮ್ಮೆ ಕೂಲಿಯಾಗಿ, ಇನ್ನೊಮ್ಮೆ ನೆರಳು ಬೆಲೆಯಾಗಿ. ಇದನ್ನು ಪತ್ತೆಹಚ್ಚುವುದು ಸುಲಭ. ಈಗಾಗಲೇ ತಯಾರಾಗುತ್ತಿರುವ ಮೇಜಿಗೆ ಅದೇ ಕಾಗದದ ಕ್ರಮದಲ್ಲಿ ಬೆಲೆ ಕಟ್ಟಿ ನೋಡಬೇಕು. ಯೋಜನೆಯಲ್ಲಿರುವ ಸರಕಿನ ರೆಡ್ಯೂಸ್ಡ್ ಕಾಸ್ಟ್ ಸೊನ್ನೆ ಬರಲೇಬೇಕು. ಬರದಿದ್ದರೆ ಉಳಿಕೆಯನ್ನು ಎಣಿಸಿದ ಕ್ರಮ ಎಲ್ಲೋ ಬೇರೆಯಾಗಿದೆ.

ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮ. ಪಾಲಿಶ್ ಸಮಯ 166ರ ಬದಲು ಸರಿಯಾಗಿ 140 ಗಂಟೆ ಇತ್ತು ಎಂದುಕೊಂಡರೆ 20 ಮೇಜು, 30 ಕುರ್ಚಿಯ ಯೋಜನೆ ಹಾಗೆಯೇ ಇರುತ್ತದೆ, ಒಟ್ಟು ಮೊತ್ತವೂ 88,000ವೇ. ಆದರೆ ಈಗ ಎರಡು ಸರಕುಗಳ ಯೋಜನೆಗೆ ಮೂರು ತಡೆಗಳು ಒಟ್ಟಿಗೆ ತಾಗುತ್ತಿವೆ. ಈ ಸ್ಥಿತಿಯಲ್ಲಿ ನೆರಳು ಬೆಲೆಗಳು ಒಂದೇ ಗುಂಪಾಗಿ ಉಳಿಯುವುದಿಲ್ಲ. 600, 100, 0 ಎಂಬ ಬೆಲೆಗಳೂ ಸರಿ, 520, 80, 100 ಎಂಬ ಬೆಲೆಗಳೂ ಸರಿ, ಎರಡೂ 88,000ವನ್ನೇ ಕೊಡುತ್ತವೆ. ಕಂಪ್ಯೂಟರ್ ಇವುಗಳಲ್ಲಿ ಯಾವುದನ್ನು ತೋರಿಸುತ್ತದೋ ಹೇಳಲಾಗದು. ಮೊದಲ ಗುಂಪನ್ನು ತೋರಿಸಿದರೆ 2,360ರ ಕಪಾಟಿಗೆ 260 ರೂಪಾಯಿ ಲಾಭ ಕಾಣುತ್ತದೆ, ಆದರೆ ಪಾಲಿಶ್‌ಗೆ ಬಿಡುವೇ ಇಲ್ಲದ್ದರಿಂದ ಒಂದು ಕಪಾಟೂ ಲಾಭಕ್ಕೆ ದಾರಿಯಾಗುವುದಿಲ್ಲ. ಎರಡನೆಯ ಗುಂಪಿನಲ್ಲಿ ಅದರ ಲಾಭ ಸರಿಯಾಗಿ ಸೊನ್ನೆ. ಎಕ್ಸೆಲ್‌ನ Solver ಬಳಸುವವರಿಗೆ Sensitivity Report ಎಂಬ ಹಾಳೆಯಲ್ಲಿ Shadow Price ಪಕ್ಕದಲ್ಲೇ Allowable Increase ಮತ್ತು Allowable Decrease ಎಂಬ ಕಂಬಗಳು ಸಿಗುತ್ತವೆ. ಸಂಪನ್ಮೂಲದ ಸಾಲಿನಲ್ಲಿ ಇವುಗಳಲ್ಲಿ ಯಾವುದಾದರೂ ಸೊನ್ನೆಯಾಗಿದ್ದರೆ ಆ ಬೆಲೆಯನ್ನು ಹಾಗೆಯೇ ನಂಬಬಾರದು, ಹೊಸ ಸರಕನ್ನು ಸೇರಿಸಿ ಇಡೀ ಲೆಕ್ಕವನ್ನು ಮತ್ತೆ ಬಿಡಿಸಬೇಕು. ಅದೇ ಹಾಳೆಯ Reduced Cost ಕಂಬದಲ್ಲಿ ಲಾಭ ಹೆಚ್ಚಿಸುವ ಲೆಕ್ಕಕ್ಕೆ ಬೇಡದ ಸರಕು ಋಣ ಸಂಖ್ಯೆಯಾಗಿ ಕಾಣುತ್ತದೆ. ಕೆಲವು ಪಠ್ಯಪುಸ್ತಕಗಳಲ್ಲಿ ಚಿಹ್ನೆ ತಿರುಗಿರುತ್ತದೆ, ಓದುವಾಗ ಎಚ್ಚರ ಬೇಕು.

ಹೊಸ ಸರಕಿಗೆ ಅಚ್ಚು, ಉಪಕರಣ, ತರಬೇತಿ ಎಂದು ಒಮ್ಮೆಗೇ ಆಗುವ ಖರ್ಚು ಈ ಲೆಕ್ಕದ ಹೊರಗೆ ಉಳಿಯುತ್ತದೆ. ಕಪಾಟಿನಿಂದ ವಾರಕ್ಕೆ ಸಿಗುವ ಹೆಚ್ಚುವರಿ ಹಣ 2,600 ರೂಪಾಯಿ. ಒಂದೇ ವಾರದ ಬೇಡಿಕೆಗಾಗಿ 4,000 ರೂಪಾಯಿಯ ಅಚ್ಚು ಮಾಡಿಸಬೇಕಾದರೆ ರೆಡ್ಯೂಸ್ಡ್ ಕಾಸ್ಟ್ ಏನೇ ಹೇಳಿದರೂ ಬೇಡಿಕೆಯನ್ನು ಬಿಡುವುದೇ ಸರಿ. ಈ ತೀರ್ಮಾನಕ್ಕೆ ಒಂದು ಆಧಾರ ಖಚಿತವಾಗಿದೆ. ಒಂದು ಸರಕಿಗೆ ಕಂಡ ಲಾಭವನ್ನು ಮಾಡಬೇಕೆಂದಿರುವ ಸಂಖ್ಯೆಯಿಂದ ಗುಣಿಸಿದರೆ ಬರುವ ಮೊತ್ತಕ್ಕಿಂತ ಹೆಚ್ಚು ಎಂದೂ ಸಿಗುವುದಿಲ್ಲ, ಕಡಿಮೆ ಸಿಗಬಹುದು. ಆ ಗುಣಲಬ್ಧವೇ ಅಚ್ಚಿನ ಖರ್ಚನ್ನು ಮುಟ್ಟದಿದ್ದರೆ ಮುಂದಿನ ಲೆಕ್ಕವೇ ಬೇಕಿಲ್ಲ. ಮೇಜು, ಕುರ್ಚಿಗಳನ್ನು ಪೂರ್ಣಸಂಖ್ಯೆಯಲ್ಲೇ ಮಾಡಬೇಕು ಎಂಬ ಕಟ್ಟು ಬಿಗಿಯಾದಾಗಲೂ ನೆರಳು ಬೆಲೆ ಅಂದಾಜು ಮಾತ್ರ. ವಾರಕ್ಕೆ ಹತ್ತಾರು ತಯಾರಾಗುವಲ್ಲಿ ಅದು ದೊಡ್ಡ ಅಡ್ಡಿಯಲ್ಲ, ವರ್ಷಕ್ಕೆ ಮೂರು ಹಡಗು ಕಟ್ಟುವಲ್ಲಿ ಅದು ದೊಡ್ಡ ಅಡ್ಡಿಯೇ.

ಬೆಲೆ ಕಟ್ಟುವ ಈ ಕ್ರಮದ ಬಲ ಪೂರ್ತಿಯಾಗಿ ಕಾಣುವುದು ಸರಕುಗಳ ಪಟ್ಟಿಯನ್ನೇ ಬರೆದು ಮುಗಿಸಲಾಗದ ಕಡೆ. ಕಾಗದದ ಗಿರಣಿಯಲ್ಲಿ ಅಗಲವಾದ ದೊಡ್ಡ ಸುರುಳಿಯನ್ನು ಗಿರಾಕಿಗಳು ಕೇಳಿದ ಅಗಲಗಳಿಗೆ ಕತ್ತರಿಸಬೇಕು. ಎಷ್ಟು ರೀತಿಯಲ್ಲಿ ಕತ್ತರಿಸಬಹುದೋ ಅಷ್ಟೂ ಬೇರೆಬೇರೆ ಸರಕುಗಳೇ, ಅವುಗಳ ಸಂಖ್ಯೆ ಲಕ್ಷ ಕೋಟಿ ದಾಟಬಹುದು. 1961ರಲ್ಲಿ ಪಾಲ್ ಗಿಲ್ಮೋರ್ ಮತ್ತು ರಾಲ್ಫ್ ಗೊಮೊರಿ ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಕೆಲವೇ ಕತ್ತರಿಕೆಗಳಿಂದ ಯೋಜನೆಯನ್ನು ಆರಂಭಿಸಿ, ಅದರಿಂದ ಪ್ರತಿ ಅಗಲದ ತುಂಡಿಗೂ ನೆರಳು ಬೆಲೆ ಪಡೆಯುವುದು. ಆ ಬೆಲೆಗಳಲ್ಲಿ ಒಂದು ಸುರುಳಿಯೊಳಗೆ ಹಿಡಿಸುವ ಅತ್ಯಂತ ಬೆಲೆಬಾಳುವ ಕತ್ತರಿಕೆ ಯಾವುದು ಎಂಬುದು ಒಂದು ಚಿಕ್ಕ ಲೆಕ್ಕ. ಅದರ ಬೆಲೆ ಒಂದು ಸುರುಳಿಯ ವೆಚ್ಚವನ್ನು ಮೀರಿದರೆ ಆ ಕತ್ತರಿಕೆ ಯೋಜನೆಗೆ ಸೇರುತ್ತದೆ, ಬೆಲೆಗಳು ತಿದ್ದಿಕೊಳ್ಳುತ್ತವೆ, ಹುಡುಕಾಟ ಮತ್ತೆ ನಡೆಯುತ್ತದೆ. ಅತ್ಯಂತ ಬೆಲೆಬಾಳುವ ಕತ್ತರಿಕೆಯೂ ಸುರುಳಿಯ ವೆಚ್ಚವನ್ನು ಮೀರದಿದ್ದಾಗ, ಪಟ್ಟಿಗೆ ಎಂದೂ ಬರೆಯದ ಉಳಿದೆಲ್ಲ ಕತ್ತರಿಕೆಗಳಿಗೂ ಯೋಜನೆಯಲ್ಲಿ ಜಾಗವಿಲ್ಲ ಎಂಬುದು ಅವನ್ನು ಒಂದೊಂದಾಗಿ ನೋಡದೆಯೇ ಸಿದ್ಧವಾಗುತ್ತದೆ.